ನೂರಕ್ಕೆ ನೂರನ್ನು ಅಳಿಸಿ, ಎಂಬತ್ತೊಂಬತ್ತನ್ನು ಉಳಿಸಿಕೊಳ್ಳಿ

ಪ್ರಶ್ನೆ: ಸರ್, ನಾನು ತುಮಕೂರು ಜಿಲ್ಲೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಒಂಬತ್ತು ವರ್ಷದ ಅನುಭವ ಇದೆ. ಯಜಮಾನರಿಗೆ ಮೈಸೂರಿಗೆ ವರ್ಗವಾಗಿದೆ, ಅಲ್ಲಿನ ಸಿಬಿಎಸ್‌ಇ ಶಾಲೆಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಐದು ಕಡೆ ರೆಸ್ಯೂಮೆ ಕಳಿಸಿದೆ, ಒಂದು ಕಡೆಯಿಂದಲೂ ಕರೆ ಬರಲಿಲ್ಲ. 2021ರಲ್ಲಿ ನನ್ನ ವಿಷಯಕ್ಕೆ 100% ಬಂದಿತ್ತು, ಅದನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ. 2024ರಲ್ಲಿ 89ಕ್ಕೆ ಇಳಿಯಿತು, ಅದನ್ನು ಬಿಟ್ಟಿದ್ದೇನೆ. ಬೋಧನಾ ವಿಧಾನ ಅಂತ ಏನು ಬರೆಯಬೇಕೋ ಗೊತ್ತಾಗದೆ ಬಿ.ಇಡಿ.ಯಲ್ಲಿ ಓದಿದ್ದನ್ನೇ ಬರೆದಿದ್ದೇನೆ. ರೆಸ್ಯೂಮೆ ಮತ್ತು ಫಲಿತಾಂಶದ ಪಟ್ಟಿ ಜೊತೆಗಿಟ್ಟಿದ್ದೇನೆ. ಎಲ್ಲಿ ತಪ್ಪಾಗಿದೆ?

ಉತ್ತರ:

ಮೇಡಂ, ನಿಮ್ಮ ರೆಸ್ಯೂಮೆಯನ್ನು ಎರಡು ಸಲ ಓದಿದೆ. ನಾಲ್ಕು ಪುಟ ಇದೆ, ಆದರೆ ನಿಮ್ಮ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದರು ಅನ್ನುವುದು ಎಲ್ಲಿಯೂ ಇಲ್ಲ. ನಾನು ಹದಿನಾಲ್ಕು ವರ್ಷ ಹೆಡ್‌ಮಾಸ್ಟರ್ ಆಗಿದ್ದವನು. ಪ್ರತಿ ಮಾರ್ಚ್-ಏಪ್ರಿಲ್‌ನಲ್ಲಿ ಮೇಜಿನ ಮೇಲೆ ರೆಸ್ಯೂಮೆಗಳ ಗುಡ್ಡೆ ಇರುತ್ತಿತ್ತು. ಒಂದೊಂದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಆ ನಿಮಿಷದಲ್ಲಿ ಕಣ್ಣು ಹುಡುಕುವುದು ಮೂರೇ ಸಂಗತಿ: ಈ ಪೋಸ್ಟಿಗೆ ಬೇಕಾದ ಡಿಗ್ರಿ ಇದೆಯೇ, ಯಾವ ತರಗತಿಗೆ ಎಷ್ಟು ವರ್ಷ ಪಾಠ ಮಾಡಿದ್ದಾರೆ, ಮಕ್ಕಳಿಗೆ ಏನು ಬಂತು. ಮೊದಲನೆಯದು ನಿಮ್ಮಲ್ಲಿ ಮೂರನೇ ಪುಟದಲ್ಲಿದೆ. ಎರಡನೆಯದು "8ರಿಂದ 10ನೇ ತರಗತಿ" ಅನ್ನುವ ಅರ್ಧ ಸಾಲು. ಮೂರನೆಯದಕ್ಕೆ ದಪ್ಪಕ್ಷರದ 100%. ಮೂರನೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮಗೆ ಹೆಚ್ಚು ನಷ್ಟ ಮಾಡುತ್ತಿರುವುದು ಅದೇ.

2021ರ ಎಸ್ಸೆಸ್ಸೆಲ್ಸಿಯನ್ನು ಯಾರೂ ಮರೆತಿಲ್ಲ. ಕೋವಿಡ್ ಕಾಲ. ಜುಲೈನಲ್ಲಿ ಎರಡೇ ದಿನ ಪರೀಕ್ಷೆ. ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ದಿನ, ಒಂದೇ ಕೂರಿಕೆಯಲ್ಲಿ, ಬರೀ ಬಹು ಆಯ್ಕೆ ಪ್ರಶ್ನೆ. ಇಡೀ ರಾಜ್ಯದಲ್ಲಿ ಹೆಚ್ಚುಕಡಿಮೆ ಕೂತವರೆಲ್ಲ ಪಾಸು. ಆ ವರ್ಷದ ನೂರಕ್ಕೆ ನೂರನ್ನು ದಪ್ಪಕ್ಷರದಲ್ಲಿ ಕಂಡ ಹೆಡ್‌ಮಾಸ್ಟರು ಒಮ್ಮೆ ನಕ್ಕು ಮುಂದಿನ ಹಾಳೆ ತೆಗೆಯುತ್ತಾರೆ. ನಗುವುದು ನಿಮ್ಮ ಮೇಲಲ್ಲ, ಆ ವರ್ಷದ ಮೇಲೆ. ಆದರೆ ನಷ್ಟ ನಿಮ್ಮದು. ಅದನ್ನು ಅಳಿಸಿಬಿಡಿ.

ಈಗ ನೀವು ಬಚ್ಚಿಟ್ಟಿರುವ 2024ಕ್ಕೆ ಬನ್ನಿ. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಬಿಗಿ ಬಿತ್ತು. ಹಿಂದಿನ ವರ್ಷ ಸುಮಾರು 84 ಇದ್ದ ರಾಜ್ಯದ ಶೇಕಡಾವಾರು, ಗ್ರೇಸ್ ಅಂಕ ಹೆಚ್ಚು ಕೊಟ್ಟ ಮೇಲೂ ಸುಮಾರು 73ಕ್ಕೆ ಇಳಿಯಿತು. ನಿಮ್ಮ ಪಟ್ಟಿಯಲ್ಲಿ ನೋಡಿದೆ: 44 ಮಕ್ಕಳು ಕೂತರು, ಗಣಿತದಲ್ಲಿ 39 ಪಾಸು, ಅಂದರೆ 88.6. ಹಿಂದಿನ ವರ್ಷ 41ಕ್ಕೆ 40. ರಾಜ್ಯ ಹತ್ತು-ಹನ್ನೊಂದು ಅಂಶ ಜಾರಿದ ವರ್ಷ ನೀವು ಒಂಬತ್ತು ಜಾರಿದ್ದೀರಿ. ಹಾಗೆ ಹೇಳಿದರೆ ದೊಡ್ಡ ಸಾಧನೆಯಂತೇನೂ ಕಾಣುವುದಿಲ್ಲ. ಆದರೆ ನಿಮ್ಮ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುವುದೊಂದಿದೆ: ಈ 44ರಲ್ಲಿ 17 ಮಕ್ಕಳು 9ನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 35ಕ್ಕಿಂತ ಕಡಿಮೆ ತೆಗೆದವರು. ಬೋರ್ಡಿನಲ್ಲಿ ಬಿದ್ದ 5 ಜನವೂ ಈ 17ರೊಳಗಿನವರೇ. ಉಳಿದ 12 ಜನ ದಾಟಿದರು. ಬಿದ್ದ 5ರಲ್ಲಿ ಮೂವರು ಅದೇ ವರ್ಷದ ಎರಡನೇ ಅವಕಾಶವಾದ ಪರೀಕ್ಷೆ-2ರಲ್ಲಿ ದಾಟಿದರು.

ಮೇಡಂ, ನಿಮ್ಮ ನಾಲ್ಕು ಪುಟದಲ್ಲಿ ಇಲ್ಲದೆ ಹೋದ ಬಂಗಾರದ ಸಾಲು ಇದು. ಇಂಗ್ಲಿಷಿನಲ್ಲಿ ಬರೆದುಕೊಳ್ಳಿ, ನಾನು ಕನ್ನಡದಲ್ಲಿ ಕೊಡುತ್ತೇನೆ:

"2023–24, 10ನೇ ತರಗತಿ ಗಣಿತ: ಕೂತವರು 44, ಪಾಸಾದವರು 39. ಇವರಲ್ಲಿ 17 ಮಕ್ಕಳು 9ನೇ ತರಗತಿಯಲ್ಲಿ 35ಕ್ಕಿಂತ ಕಡಿಮೆ ಪಡೆದಿದ್ದರು. ಅವರಲ್ಲಿ 12 ಮಕ್ಕಳು ಮೊದಲ ಪರೀಕ್ಷೆಯಲ್ಲೇ, ಇನ್ನೂ 3 ಮಕ್ಕಳು ಪರೀಕ್ಷೆ-2ರಲ್ಲಿ ಪಾಸಾದರು."

ಇದನ್ನು ಓದಿದವರು ನಿಮ್ಮನ್ನು ಕರೆದು ಕೇಳುವ ಮೊದಲ ಪ್ರಶ್ನೆ "ಆ 12 ಮಕ್ಕಳಿಗೆ ಏನು ಮಾಡಿದಿರಿ?" ಅಂತ. ಆ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇದೆ. 2021ರ ನೂರಕ್ಕೆ ನೂರರ ಬಗ್ಗೆ ಕೇಳಲು ಯಾರಿಗೂ ಏನೂ ಇಲ್ಲ.

ಒಂದು ಎಚ್ಚರ. ನಿಮ್ಮ 88.6ನ್ನು ರಾಜ್ಯದ 73ರ ಪಕ್ಕದಲ್ಲಿಟ್ಟು "ರಾಜ್ಯ ಸರಾಸರಿಗಿಂತ 15 ಹೆಚ್ಚು" ಅಂತ ಬರೆಯಬೇಡಿ. ಬಹಳ ಟೀಚರುಗಳು ಮಾಡುವ ತಪ್ಪು ಇದು, ಸೂಕ್ಷ್ಮವಾಗಿ ನೋಡುವವರು ಅಲ್ಲೇ ಹಿಡಿಯುತ್ತಾರೆ. ರಾಜ್ಯದ ಅಂಕಿ ಎಲ್ಲ ವಿಷಯಗಳಲ್ಲೂ ಪಾಸಾದವರದ್ದು. ನಿಮ್ಮದು ಒಂದೇ ವಿಷಯದ್ದು. ಆರು ವಿಷಯ ದಾಟಬೇಕಾದ ಹುಡುಗನ ಶೇಕಡಾವಾರು ಯಾವುದೇ ಒಂದು ವಿಷಯದ ಶೇಕಡಾವಾರಿಗಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ. ಹೋಲಿಸಲೇಬೇಕೆಂದರೆ ಸರಿಸಮಾನವಾದದ್ದನ್ನು ಹೋಲಿಸಿ: ನಿಮ್ಮ ಸೆಕ್ಷನ್ನಿನಲ್ಲಿ ಎಲ್ಲ ವಿಷಯ ಸೇರಿ ಪಾಸಾದವರು 37, ಅಂದರೆ 84, ಅದನ್ನು ರಾಜ್ಯದ 73ರ ಪಕ್ಕ ಇಡಬಹುದು. ಆದರೆ ಆ 84 ನಿಮ್ಮೊಬ್ಬರದಲ್ಲ, ಆರು ಜನ ಟೀಚರುಗಳದ್ದು. ಆದ್ದರಿಂದ ಅದನ್ನು ಶಾಲೆಯ ಪರಿಚಯದ ಸಾಲಿನಲ್ಲಿ ಹಾಕಿ, ನಿಮ್ಮ ಸಾಧನೆಯ ಸಾಲಿನಲ್ಲಿ ಬೇಡ.

ಇನ್ನೊಂದು: ನೀವು "ಸರಾಸರಿ 66 ಅಂಕ" ಅಂತ ಬರೆದಿದ್ದೀರಿ. ಇದರಲ್ಲಿ ಆಂತರಿಕ 20 ಸೇರಿದೆಯೇ? ಪಟ್ಟಿ ನೋಡಿದರೆ ಸೇರಿದೆ. ಆ 20 ಕೊಟ್ಟವರು ನೀವೇ. ಹೆಚ್ಚಿನ ಶಾಲೆಗಳಲ್ಲಿ ಅದು ಹದಿನೆಂಟು, ಹತ್ತೊಂಬತ್ತರ ಕೆಳಗೆ ಇಳಿಯುವುದಿಲ್ಲ ಅನ್ನುವುದು ಸ್ಟಾಫ್ ರೂಮಿನಲ್ಲಿ ಕೂತ ಎಲ್ಲರಿಗೂ ಗೊತ್ತು. ಲಿಖಿತ 80ರ ಸರಾಸರಿ ಮಾತ್ರ ಕೊಡಿ. ನಿಮ್ಮದು 2024ರಲ್ಲಿ 47. "80ಕ್ಕೆ 47" ಅನ್ನುವುದು "100ಕ್ಕೆ 66" ಅನ್ನುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ ಅಂತ ಅಂಜಬೇಡಿ. ಸಂದರ್ಶನದಲ್ಲಿ "ಇಂಟರ್ನಲ್ ಬಿಟ್ಟರೆ ಎಷ್ಟು?" ಅಂತ ಕೇಳಿಸಿಕೊಂಡು ತಡವರಿಸುವುದಕ್ಕಿಂತ ಅದು ವಾಸಿ.

ಕೂತವರ ಸಂಖ್ಯೆಯ ಬಗ್ಗೆ ನನಗೆ ಯಾಕೆ ಇಷ್ಟು ಹಟ ಅಂತ ಹೇಳುತ್ತೇನೆ. ಹಿಂದೊಮ್ಮೆ ಐದು ವರ್ಷ ಸತತ 100% ಅಂತ ಬರೆದುಕೊಂಡಿದ್ದ ವಿಜ್ಞಾನದ ಮೇಷ್ಟ್ರೊಬ್ಬರನ್ನು ನಾನು ಖುಷಿಯಿಂದ ತೆಗೆದುಕೊಂಡೆ. ಜಾಣರು, ಒಳ್ಳೆಯವರು. ಆದರೆ ನಮ್ಮ ಹಿಂದಿನ ಬೆಂಚಿನ ಮಕ್ಕಳ ಮುಂದೆ ಅವರಿಗೆ ಕೈಕಾಲೇ ಆಡಲಿಲ್ಲ. ಆಮೇಲೆ ತಿಳಿಯಿತು, ಅವರ ಹಳೆಯ ಶಾಲೆಯಲ್ಲಿ 9ರಲ್ಲಿ ಅರವತ್ತು ಮಕ್ಕಳಿದ್ದರೆ 10ಕ್ಕೆ ಕೂರಿಸುತ್ತಿದ್ದದ್ದು ನಲವತ್ತೈದು. ಉಳಿದವರಿಗೆ ಟಿಸಿ, ಇಲ್ಲವೇ ಖಾಸಗಿ ಅಭ್ಯರ್ಥಿ. ಅವರು ಸುಳ್ಳು ಬರೆದಿರಲಿಲ್ಲ. ನಾನು ಕೇಳಬೇಕಾದ ಪ್ರಶ್ನೆ ಕೇಳಿರಲಿಲ್ಲ. ಅಂದಿನಿಂದ ನನ್ನ ಮುಂದೆ ಕೂತ ಪ್ರತಿಯೊಬ್ಬರಿಗೂ ಕೇಳುತ್ತಿದ್ದ ಮೊದಲ ಮಾತು: "9ರಲ್ಲಿ ಎಷ್ಟಿದ್ದರು, 10ಕ್ಕೆ ಎಷ್ಟು ಕೂತರು?" ನಿಮ್ಮ ಪಟ್ಟಿಯಲ್ಲಿ 9ರಲ್ಲಿ 45, 10ಕ್ಕೆ ಕೂತವರು 44. ಒಂದು ಮಗು ಊರು ಬಿಟ್ಟಿದೆ ಅಂತ ಬರೆದಿದ್ದೀರಿ. ಇದನ್ನೂ ಹಾಕಿ. ನನ್ನಂಥ ಸುಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಮೂರು ವರ್ಷಕ್ಕಿಂತ ಹೆಚ್ಚಿನ ಫಲಿತಾಂಶ ಬೇಡ. ಸಣ್ಣ ಟೇಬಲ್ಲು ಸಾಕು. ಅಡ್ಡಕ್ಕೆ ಐದು ಕಾಲಮ್ಮು: ವರ್ಷ, ಕೂತವರು, ಪಾಸಾದವರು, 90 ದಾಟಿದವರು, ಲಿಖಿತ 80ರ ಸರಾಸರಿ. ನಿಮ್ಮ ಪಟ್ಟಿಯಿಂದ ತೆಗೆದರೆ ಹೀಗೆ ಬರುತ್ತದೆ:

2022–23: 41, 40, 7, 52
2023–24: 44, 39, 6, 47
2024–25: 42, 39, 8, 50

ಇದರ ಕೆಳಗೆ ಮೇಲೆ ಹೇಳಿದ 17 ಮಕ್ಕಳ ಸಾಲು. ಅಷ್ಟೇ. ಮಧ್ಯದ ವರ್ಷ ಇಳಿದಿರುವುದನ್ನು ಮುಚ್ಚಬೇಡಿ, ಬಣ್ಣದ ಗ್ರಾಫ್ ಹಾಕಬೇಡಿ. 90 ದಾಟಿದವರ ಕಾಲಮ್ಮು ಯಾಕೆಂದರೆ, ನೀವು ಹೋಗಬೇಕೆಂದಿರುವ ಥರದ ಶಾಲೆಗಳಲ್ಲಿ ಪಾಸಾಗುವುದು ದೊಡ್ಡ ಚಿಂತೆಯೇ ಅಲ್ಲ. ಅಲ್ಲಿನ ಪೋಷಕರ ಚಿಂತೆ ಎಂಬತ್ತೆಂಟನ್ನು ತೊಂಬತ್ತೆಂಟು ಮಾಡುವುದು. ನೀವು ಬಿದ್ದವರನ್ನು ಎತ್ತಿದವರು ಅನ್ನುವುದರ ಜೊತೆಗೆ ಮುಂದಿದ್ದವರನ್ನು ನಿಲ್ಲಿಸಲಿಲ್ಲ ಅನ್ನುವುದೂ ಕಾಣಬೇಕು. 6ರಿಂದ 8ಕ್ಕೆ ಹೋಗಿರುವುದು ಅದನ್ನು ಹೇಳುತ್ತದೆ.

ಈ ಮಾದರಿ ನಾನು ಹುಟ್ಟುಹಾಕಿದ್ದಲ್ಲ. ನೀವು ಅರ್ಜಿ ಹಾಕುವ ಸಿಬಿಎಸ್‌ಇ ಶಾಲೆಯ ವೆಬ್‌ಸೈಟಿಗೆ ಹೋಗಿ `Mandatory Public Disclosure` ಅನ್ನುವ ಪುಟ ತೆರೆಯಿರಿ. ಮಂಡಳಿಯ ನಿಯಮದಂತೆ ಪ್ರತಿ ಶಾಲೆಯೂ ಅದನ್ನು ಹಾಕಬೇಕು. ಅಲ್ಲಿ 10ನೇ ತರಗತಿಯ ಮೂರು ವರ್ಷದ ಫಲಿತಾಂಶ ಇದೇ ರೀತಿ ಇರುತ್ತದೆ: ನೋಂದಾಯಿಸಿದವರು, ಪಾಸಾದವರು, ಶೇಕಡಾವಾರು. ಪ್ರಿನ್ಸಿಪಾಲರ ಕಣ್ಣು ಪಳಗಿರುವುದು ಆ ಟೇಬಲ್ಲಿಗೇ. ಅದೇ ಪುಟದಲ್ಲಿ ಪ್ರಾಥಮಿಕಕ್ಕೆ ಕಲಿಸುವ ಪಿಆರ್‌ಟಿ, 6ರಿಂದ 10ಕ್ಕೆ ಕಲಿಸುವ ಟಿಜಿಟಿ, 11 ಮತ್ತು 12ಕ್ಕೆ ಕಲಿಸುವ ಪಿಜಿಟಿ ಎಷ್ಟೆಷ್ಟು ಜನ ಇದ್ದಾರೆ ಅನ್ನುವುದೂ ಸಿಗುತ್ತದೆ. ಅರ್ಜಿ ಹಾಕುವ ಮೊದಲು ಅದನ್ನು ಓದಿಕೊಂಡರೆ ಎಂಥ ಶಾಲೆಗೆ ಹೋಗುತ್ತಿದ್ದೇನೆ ಅನ್ನುವ ಅಂದಾಜು ನಿಮಗೂ ಸಿಗುತ್ತದೆ.

ಇನ್ನು ತರಗತಿಗಳ ವಿಷಯ. "8ರಿಂದ 10ನೇ ತರಗತಿ, ಗಣಿತ" ಅನ್ನುವುದು ಏನನ್ನೂ ಹೇಳುವುದಿಲ್ಲ. ಒಂದು ವರ್ಷ 10ಕ್ಕೆ ರಜೆಯ ಮೇಲೆ ಹೋದವರ ಬದಲಿಗೆ ಹೋದವರೂ ಹಾಗೇ ಬರೆಯುತ್ತಾರೆ, ಎಂಟು ವರ್ಷ 10ನ್ನು ಹೊತ್ತವರೂ ಹಾಗೇ ಬರೆಯುತ್ತಾರೆ. ಬರೆಯಬೇಕಾದ್ದು ಯಾವ ತರಗತಿ, ಎಷ್ಟು ವರ್ಷ, ಯಾವ ಮಾಧ್ಯಮ, ವಾರಕ್ಕೆ ಎಷ್ಟು ಪೀರಿಯಡ್. ನಿಮ್ಮ ಈಗಿನ ಶಾಲೆಗೆ: "10ನೇ ತರಗತಿ ಗಣಿತ, ಇಂಗ್ಲಿಷ್ ಮಾಧ್ಯಮ, 2020ರಿಂದ ಸತತವಾಗಿ, 8 ಮತ್ತು 9ನೇ ತರಗತಿ ಗಣಿತ, 2018ರಿಂದ, ವಾರಕ್ಕೆ 28 ಪೀರಿಯಡ್, 9ನೇ ತರಗತಿಯ ಕ್ಲಾಸ್ ಟೀಚರ್, ಮೂರು ವರ್ಷ." ಹಿಂದಿನ ಶಾಲೆಯ ಎರಡು ವರ್ಷಕ್ಕೆ ಒಂದೇ ಸಾಲು ಸಾಕು. ಮಧ್ಯದಲ್ಲಿ 2017–18 ಖಾಲಿ ಬಿಟ್ಟಿದ್ದೀರಿ. ಹೆರಿಗೆಗೆ ಬಿಡುವು ತೆಗೆದುಕೊಂಡಿದ್ದು ಅಂತ ಫೋನಿನಲ್ಲಿ ಹೇಳಿದಿರಿ. "2017–18: ಕುಟುಂಬದ ಕಾರಣಕ್ಕೆ ಬಿಡುವು" ಅಂತ ಬರೆದುಬಿಡಿ. ಖಾಲಿ ಜಾಗವನ್ನು ಓದುವವರು ತಮಗೆ ತೋಚಿದ್ದರಿಂದ ತುಂಬಿಕೊಳ್ಳುತ್ತಾರೆ.

ರಾಜ್ಯ ಪಠ್ಯಕ್ರಮದಿಂದ ಸಿಬಿಎಸ್‌ಇಗೆ ಹೋಗುವವರಿಗೆ ಒಂದು ಅನುಕೂಲ ಇದೆ, ಹೆಚ್ಚಿನವರು ಬಳಸಿಕೊಳ್ಳುವುದೇ ಇಲ್ಲ. ನೀವು 10ಕ್ಕೆ ಕಲಿಸುತ್ತಿರುವ ಗಣಿತ ಪುಸ್ತಕ ಯಾವುದು? ಎನ್‌ಸಿಇಆರ್‌ಟಿಯದ್ದೇ ಅಲ್ಲವೇ? ರಾಜ್ಯ ಅದನ್ನು ಅಳವಡಿಸಿಕೊಂಡು ವರ್ಷಗಳಾದವು. ಆದರೆ ಸಿಬಿಎಸ್‌ಇ ಶಾಲೆಯ ಆಡಳಿತ ಮಂಡಳಿಯಲ್ಲಿ ಕೂತವರಿಗೆ ಇದು ಗೊತ್ತಿರಬೇಕೆಂದೇನಿಲ್ಲ. "ಸ್ಟೇಟ್ ಸಿಲಬಸ್" ಅನ್ನುವ ಎರಡು ಪದ ಕಂಡೊಡನೆ ಬೇರೆ ಗುಂಪಿಗೆ ಹಾಕಿಬಿಡುತ್ತಾರೆ. ನಿಮಗೆ ಕರೆ ಬಾರದಿರಲು ಇದೂ ಒಂದು ಕಾರಣ ಇರಬಹುದು ಅಂತ ನನ್ನ ಗುಮಾನಿ. "ಎನ್‌ಸಿಇಆರ್‌ಟಿ ಗಣಿತ ಪಠ್ಯವನ್ನು 10ನೇ ತರಗತಿಗೆ ಸತತವಾಗಿ ಕಲಿಸಿದ ಅನುಭವ" ಅಂತ ಮೇಲಿನ ಅರ್ಧ ಪುಟದಲ್ಲೇ ಬರಲಿ.

ಪುಸ್ತಕ ಒಂದೇ ಆದರೂ ಪರೀಕ್ಷೆ ಬೇರೆ, ಇದನ್ನು ಮುಚ್ಚಿಡುವುದೂ ಬೇಡ. ಅಲ್ಲಿ 10ಕ್ಕೆ ಗಣಿತ ಸ್ಟ್ಯಾಂಡರ್ಡ್, ಬೇಸಿಕ್ ಅಂತ ಎರಡು ಮಟ್ಟ. ಕೇಸ್ ಸ್ಟಡಿ ಥರದ, ಸಾಮರ್ಥ್ಯ ಆಧಾರಿತ ಪ್ರಶ್ನೆಗಳ ಪಾಲು ದೊಡ್ಡದು. ನಮ್ಮಲ್ಲಿ ಪ್ರಮೇಯವನ್ನು ಬಾಯಿಪಾಠ ಮಾಡಿ ಅಂಕ ತೆಗೆಯುವ ಹುಡುಗ ಅಲ್ಲಿ ತಡವರಿಸುತ್ತಾನೆ. ಸಿಬಿಎಸ್‌ಇಯ ಮಾದರಿ ಪ್ರಶ್ನೆಪತ್ರಿಕೆಗಳು ಅವರದೇ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಎರಡನ್ನು ಇಳಿಸಿಕೊಂಡು ಪೂರ್ತಿ ಬಿಡಿಸಿ, ಈಗಿನ ಮಕ್ಕಳಿಗೂ ಒಂದೆರಡು ಪ್ರಶ್ನೆ ಕೊಟ್ಟು ನೋಡಿ. ಮಾಡಿದ ಮೇಲೆ ಮಾತ್ರ ರೆಸ್ಯೂಮೆಯಲ್ಲಿ ಒಂದು ಸಾಲು ಸೇರಿಸಿ. ಹಾಗೇ ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನಕ್ಕೆ ನಾವು ಬಳಸುವ ಎಫ್‌ಎ, ಎಸ್‌ಎ ಅನ್ನುವ ಪದಗಳನ್ನು ಬಿಡಿಸಿ ಬರೆಯಿರಿ. "ಎಫ್‌ಎ-2" ಅಂದರೆ ಅಲ್ಲಿನವರಿಗೆ ಅರ್ಥವಾಗದಿರಬಹುದು, "ಪೀರಿಯಾಡಿಕ್ ಟೆಸ್ಟ್" ಅಂದರೆ ಆಗುತ್ತದೆ.

ಈಗ ಬೋಧನಾ ವಿಧಾನ. ನೀವು ಬರೆದಿರುವುದು: "ಶಿಶುಕೇಂದ್ರಿತ, ಚಟುವಟಿಕೆ ಆಧಾರಿತ ವಿಧಾನ, 5ಇ ಮಾದರಿ, ಐಸಿಟಿ ಬಳಕೆ, ರಚನಾವಾದ." ಇದೇ ಐದು ಪದ, ಕೆಲವೊಮ್ಮೆ ಇದೇ ಅನುಕ್ರಮದಲ್ಲಿ, ಗುಡ್ಡೆಯ ಪ್ರತಿ ಹಾಳೆಯಲ್ಲೂ ಇರುತ್ತದೆ. ಇವು ಸುಳ್ಳಲ್ಲ. ಪಾಠಯೋಜನೆ ಪುಸ್ತಕದಲ್ಲಿ ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಅಂತ ಐದು ಖಾನೆ ತುಂಬದ ಟೀಚರ್ ನಮ್ಮಲ್ಲಿ ಯಾರಿದ್ದಾರೆ? ಆದರೆ ಎಲ್ಲರೂ ಬರೆದದ್ದರಿಂದ ನಿಮ್ಮನ್ನು ಬೇರೆಯಾಗಿ ಗುರುತಿಸಲು ಆಗುವುದಿಲ್ಲ.

ಅದಕ್ಕೇ ನಿಮಗೆ ಫೋನ್ ಮಾಡಿ "ಮಕ್ಕಳು ಎಲ್ಲಿ ತಪ್ಪು ಮಾಡುತ್ತಾರೆ?" ಅಂತ ಕೇಳಿದೆ. ನೀವು ಒಂದು ಕ್ಷಣವೂ ಯೋಚಿಸದೆ ವರ್ಗ ಸಮೀಕರಣ ಅಂದಿರಿ. ಅಪವರ್ತನ ಮಾಡುವಾಗ ಎರಡನೇ ಜೋಡಿಯಲ್ಲಿ ಚಿಹ್ನೆ ಕೆಡುತ್ತದೆ ಅಂದಿರಿ. ಉದಾಹರಣೆಗೆ ಈ ಲೆಕ್ಕ:

```
x² − 7x + 10 = 0
x² − 5x − 2x + 10 = 0
x(x − 5) − 2(x + 5) = 0    ← ಮಕ್ಕಳು ಬರೆಯುವುದು
x(x − 5) − 2(x − 5) = 0    ← ಸರಿಯಾದದ್ದು
```

ಮಧ್ಯದ ಪದವನ್ನು ಒಡೆಯುವುದು ಮಕ್ಕಳಿಗೆ ಬರುತ್ತದೆ. ಎಡವುವುದು −2ನ್ನು ಹೊರಗೆ ತೆಗೆದಾಗ +10ರ ಚಿಹ್ನೆ ಬದಲಾಗಬೇಕು ಅನ್ನುವ ಕಡೆ. ಆವರಣದೊಳಗೆ ಎರಡು ಬೇರೆ ಬೇರೆ ಪದ ಬಂದುಬಿಡುತ್ತವೆ, ಮುಂದೆ ದಾರಿ ಕಾಣದೆ ಲೆಕ್ಕವನ್ನೇ ಬಿಟ್ಟು ಬರುತ್ತಾರೆ. ನೀವು ಒಂದು ಕಿರುಪರೀಕ್ಷೆಯ ಪೇಪರುಗಳನ್ನು ಎದುರಿಗೆ ಹರಡಿಕೊಂಡು ಎಣಿಸಿದಿರಂತೆ: 44ರಲ್ಲಿ 19 ಮಕ್ಕಳು ಇದೇ ಜಾಗದಲ್ಲಿ ಬಿದ್ದಿದ್ದರು. ಆಮೇಲೆ ಐದು ವಾರ, ಸೋಮವಾರ ಮತ್ತು ಗುರುವಾರ ಪೀರಿಯಡ್ಡಿನ ಮೊದಲ ಹದಿನೈದು ನಿಮಿಷ, ಬೋರ್ಡಿನ ಮೇಲೆ ಬೇಕೆಂದೇ ತಪ್ಪಾಗಿ ಬಿಡಿಸಿದ ಒಂದು ಲೆಕ್ಕ. ಮಕ್ಕಳ ಕೆಲಸ ತಪ್ಪಿದ ಸಾಲನ್ನು ಹುಡುಕಿ, ಯಾಕೆ ತಪ್ಪು ಅಂತ ಪಕ್ಕದವನಿಗೆ ಹೇಳುವುದು. ಅದಾದ ಮೇಲಿನ ಪರೀಕ್ಷೆಯಲ್ಲಿ ಅದೇ ಥರದ ಲೆಕ್ಕಕ್ಕೆ ಅಲ್ಲಿ ಬಿದ್ದವರು 7. ಇದನ್ನೆಲ್ಲ ನನಗೆ ಹೇಳುವಾಗ ನಿಮ್ಮ ದನಿಯೇ ಬೇರೆ ಇತ್ತು ಮೇಡಂ. ರೆಸ್ಯೂಮೆಯಲ್ಲಿ ಮಾತ್ರ ಇದರ ಒಂದು ಅಕ್ಷರ ಇಲ್ಲ.

ಬರೆಯಬೇಕಾದ್ದು ಇದನ್ನೇ. ಆ ಐದು ಪದಗಳ ಜಾಗದಲ್ಲಿ ಮೂರು ಸಾಲು:

"ತಪ್ಪುಗಳ ವಿಶ್ಲೇಷಣೆಯಿಂದ ಮರುಬೋಧನೆ: ವರ್ಗ ಸಮೀಕರಣದ ಅಪವರ್ತನದಲ್ಲಿ 44 ಮಕ್ಕಳಲ್ಲಿ 19 ಮಂದಿ ಚಿಹ್ನೆಯ ತಪ್ಪು ಮಾಡುತ್ತಿದ್ದುದನ್ನು ಗುರುತಿಸಿದೆ. ಐದು ವಾರ, ವಾರಕ್ಕೆ ಎರಡು ಬಾರಿ 15 ನಿಮಿಷ, ತಪ್ಪಾಗಿ ಬಿಡಿಸಿದ ಲೆಕ್ಕದಲ್ಲಿ ತಪ್ಪು ಹುಡುಕುವ ಅಭ್ಯಾಸ ಮಾಡಿಸಿದೆ. ಮುಂದಿನ ಪರೀಕ್ಷೆಯಲ್ಲಿ ಈ ತಪ್ಪು ಮಾಡಿದವರು 7."

ತೊಂದರೆ ಏನಿತ್ತು, ನೀವು ಏನು ಮಾಡಿದಿರಿ, ಎಷ್ಟು ಕಾಲ ಮಾಡಿದಿರಿ, ಏನು ಬದಲಾಯಿತು. ಇಂಥವು ಎರಡು ಸಾಕು, ಮೂರಾದರೆ ಹೆಚ್ಚು. ಎರಡನೆಯದಕ್ಕೆ ಆ 17 ಮಕ್ಕಳಿಗೆ ಜೂನ್‌ನಲ್ಲಿ ಮಾಡಿದ ಸೇತುಬಂಧವನ್ನು ಬಳಸಿ. ಹೆಚ್ಚಿನ ಶಾಲೆಗಳಲ್ಲಿ ಸೇತುಬಂಧ ಅಂದರೆ ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ ಅಂತ ಎರಡು ಕಡತ. ನೀವು ಪೂರ್ವ ಪರೀಕ್ಷೆಯ ನಂತರ ಭಿನ್ನರಾಶಿ ಮತ್ತು ಋಣಸಂಖ್ಯೆಗಳನ್ನು 6ನೇ ತರಗತಿಯ ಮಟ್ಟದಿಂದ ಮತ್ತೆ ಹಿಡಿದಿದ್ದೀರಿ. ಅದನ್ನು ಹಾಗೇ ಬರೆಯಿರಿ. ಮೈಸೂರಿನ ಪ್ರಿನ್ಸಿಪಾಲರಿಗೆ "ಬ್ರಿಜ್ ಕೋರ್ಸ್" ಅಂದರೆ ಸಾಕು.

ಸ್ಮಾರ್ಟ್ ಬೋರ್ಡ್ ಬಗ್ಗೆ ಬರೆಯಲೇಬೇಕು ಅಂತಿದ್ದರೆ ಅದರ ಮೇಲೆ ಏನು ಮಾಡಿದಿರಿ ಅಂತ ಬರೆಯಿರಿ. ನೀವು ಜಿಯೋಜೀಬ್ರಾದಲ್ಲಿ ಗ್ರಾಫ್ ತೋರಿಸುತ್ತೀರಿ, ಅಷ್ಟು ಹೇಳಿ. "ಐಸಿಟಿ" ಅನ್ನುವ ಮೂರಕ್ಷರದಲ್ಲಿ ಯೂಟ್ಯೂಬ್ ಹಾಕಿ ಪಕ್ಕದಲ್ಲಿ ಕೂತವರೂ ಸೇರಿದ್ದಾರೆ.

ಈ ಸಂಖ್ಯೆಗಳ ಮಿತಿಯೂ ತಿಳಿದಿರಲಿ. 19ರಿಂದ 7ಕ್ಕೆ ಇಳಿದದ್ದು ಪೂರ್ತಿ ನಿಮ್ಮ ಹದಿನೈದು ನಿಮಿಷದಿಂದಲೇ ಅಂತ ಹೇಳಲು ಬರುವುದಿಲ್ಲ. ಟ್ಯೂಷನ್ ಇದ್ದಿರಬಹುದು, ಎರಡನೇ ಲೆಕ್ಕ ತುಸು ಸುಲಭ ಇದ್ದಿರಬಹುದು. ಯಾರಾದರೂ ಕೇಳಿದರೆ ನೀವೇ ಅದನ್ನು ಹೇಳಿಬಿಡಿ. ಆದ್ದರಿಂದಲೇ ರೆಸ್ಯೂಮೆಯ ಸಾಲಿನಲ್ಲಿ "ನನ್ನ ವಿಧಾನದಿಂದ ತಪ್ಪು ಶೇ 63 ಕಡಿಮೆಯಾಯಿತು" ಅಂತ ಶೇಕಡಾವಾರಿಗೆ ಇಳಿಸಬೇಡಿ. ಎಣಿಸಿದ್ದನ್ನು ಎಣಿಸಿದ ಹಾಗೆ ಇಡಿ.

ಉಳಿದದ್ದು ಬೇಗ ಮುಗಿಯುತ್ತದೆ. ಎರಡು ಪುಟ ಮೀರಬಾರದು. ಮೊದಲ ಮೂರು ಸಾಲಿನಲ್ಲಿ ಹೆಸರು, ಮೊಬೈಲು, "ಟಿಜಿಟಿ ಗಣಿತ ಹುದ್ದೆಗೆ", ಅದರ ಕೆಳಗೆ ಬಿ.ಎಸ್ಸಿ. ಯಾವ ವಿಷಯಗಳು, ಬಿ.ಇಡಿ. ಯಾವ ಬೋಧನಾ ವಿಷಯಗಳು. ಟಿಜಿಟಿಗೆ ನೋಡುವುದು ಪದವಿ ಮತ್ತು ಬಿ.ಇಡಿ. ಟಿಇಟಿ ಎರಡನೇ ಪತ್ರಿಕೆ ಪಾಸಾಗಿರುವುದನ್ನು ಎಲ್ಲೋ ಕೊನೆಗೆ ತಳ್ಳಿದ್ದೀರಿ. ಅದು 6ರಿಂದ 8ಕ್ಕೆ ಬೇಕಾದದ್ದು, ಟಿಜಿಟಿಯವರಿಗೆ ಆ ತರಗತಿಗಳನ್ನೂ ಕೊಡುತ್ತಾರೆ, ಮೇಲಕ್ಕೆ ತನ್ನಿ. ತರಬೇತಿಗಳ ಪಟ್ಟಿಯಲ್ಲಿ ಹದಿನೆಂಟು ಹೆಸರಿದೆ, ಗಂಟೆಗಳಿಲ್ಲ. ಸಿಬಿಎಸ್‌ಇ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಕಡ್ಡಾಯ, ಆದ್ದರಿಂದ ಅವರು ಗಂಟೆಯ ಲೆಕ್ಕದಲ್ಲೇ ಯೋಚಿಸುತ್ತಾರೆ. ಕಳೆದ ಎರಡು ವರ್ಷದ್ದು, ಗಣಿತಕ್ಕೆ ಸಂಬಂಧಿಸಿದ್ದು, ಗಂಟೆ ಸಮೇತ ನಾಲ್ಕು ಇಡಿ.

ತಂದೆಯ ಹೆಸರು, ಜಾತಿ, ವೈವಾಹಿಕ ಸ್ಥಿತಿ, ಹವ್ಯಾಸ, "ನನ್ನ ಗುರಿ" ಅನ್ನುವ ಪ್ಯಾರಾ ಇವೆಲ್ಲ ಹೊರಗೆ. ಕೊನೆಯಲ್ಲಿ "ಮೇಲಿನ ವಿವರಗಳೆಲ್ಲ ಸತ್ಯ" ಅನ್ನುವ ಸಾಲು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ರ‍್ಯಾಂಕ್ ಬಂದ ಮಗುವಿನ ಹೆಸರು, ಫೋಟೋ ಹಾಕಿದ್ದೀರಲ್ಲ, ಅದನ್ನು ಮೊದಲು ತೆಗೆಯಿರಿ. ಮಗುವಿನ ಫೋಟೋವನ್ನು ಹೀಗೆ ಹಂಚುವವರನ್ನು ಕಂಡರೆ ಪ್ರಿನ್ಸಿಪಾಲರು ಹಿಂದೆ ಸರಿಯುತ್ತಾರೆ, ಸರಿಯಬೇಕಾದ್ದೂ ಹೌದು. ಫೈಲಿನ ಹೆಸರು `new resume final 2.pdf` ಅಂತಿದೆ. ನಿಮ್ಮ ಹೆಸರಿನ ಮುಂದೆ `TGT_Maths` ಅಂತ ಸೇರಿಸಿ ಕಳಿಸಿ, ಆಫೀಸಿನಲ್ಲಿ ಹುಡುಕುವವರಿಗೆ ಸಿಗುತ್ತದೆ.

ಕೊನೆಯದಾಗಿ, ಕೆಲಸ ಬಿಡುವ ವಿಷಯ ಈಗಿನ ಶಾಲೆಯಲ್ಲಿ ಬಾಯಿಬಿಡುವ ಮೊದಲು ಮೂರು ಕಾಗದ ಕೈಗೆ ತೆಗೆದುಕೊಳ್ಳಿ: ಮೂರು ವರ್ಷದ ಗಣಿತ ಫಲಿತಾಂಶದ ಪಟ್ಟಿ, ಹೆಡ್‌ಮಾಸ್ಟರ ಸಹಿ ಮತ್ತು ಮೊಹರಿನೊಂದಿಗೆ, ಈ ವರ್ಷದ ಟೈಮ್‌ಟೇಬಲ್ಲು, ಆ 45 ಮಕ್ಕಳ 9ನೇ ತರಗತಿಯ ಗಣಿತದ ಅಂಕಪಟ್ಟಿ, ಹೆಸರುಗಳನ್ನು ಮುಚ್ಚಿ ನಕಲು ಮಾಡಿಸಿದ್ದು. ಮಾರ್ಚ್ ತಿಂಗಳಲ್ಲಿ ಗಣಿತದ ಟೀಚರ್ ಹೊರಡುತ್ತಾರೆ ಅಂದರೆ ಯಾವ ಆಡಳಿತ ಮಂಡಳಿಗೂ ಸಂತೋಷ ಆಗುವುದಿಲ್ಲ. ಆಮೇಲೆ ಅನುಭವ ಪ್ರಮಾಣಪತ್ರಕ್ಕೇ ಅಲೆಯಬೇಕಾದೀತು, ಫಲಿತಾಂಶದ ಪಟ್ಟಿ ದೂರದ ಮಾತು. ಸಂದರ್ಶನಕ್ಕೆ ಕರೆ ಬಂದರೆ ಡೆಮೊ ಕ್ಲಾಸಿಗೆ ಪಾಠ ನೀವೇ ಆರಿಸಿಕೊಳ್ಳಿ ಅನ್ನುವ ಶಾಲೆಗಳಿವೆ. ಹಾಗೆ ಹೇಳಿದರೆ ಪೈಥಾಗೊರಸ್ ಬೇಡ, ದಿನಕ್ಕೆ ನಾಲ್ಕು ಪೈಥಾಗೊರಸ್ ನೋಡಿ ಅವರಿಗೆ ಸಾಕಾಗಿರುತ್ತದೆ. ಬೋರ್ಡಿನ ಮೇಲೆ ಆ ತಪ್ಪು ಲೆಕ್ಕವನ್ನೇ ಬರೆಯಿರಿ.